ಒಲೆ ಮೇಲಿನ ಶಟರ್ ಜಿಡ್ಡು: ಎಣ್ಣೆ ಹಚ್ಚಿ ತೆಗೆದ ನನ್ನ ಅನುಭವ

"ಇದು ಹೋಗಲ್ಲ ಮೇಡಂ, ಎರಡೂ ಶಟರ್ ಬದಲಾಯಿಸಿಬಿಡಿ" ಎಂದಿದ್ದರು ಕಾರ್ಪೆಂಟರ್, ಅಡುಗೆಮನೆ ಕಪಾಟಿನ ಬಾಗಿಲು ನೋಡಿ. ಹೆಚ್ಚುಕಮ್ಮಿ 9,000 ರೂಪಾಯಿಯ ಮಾತು. ಅವೇ ಶಟರ್‌ಗಳು ಈಗಲೂ ಇವೆ, ಕೈ ಇಟ್ಟರೆ ಅಂಟುವುದಿಲ್ಲ. ಕೊನೆಗೆ ಫಲ ಕೊಟ್ಟ ಉಪಾಯಕ್ಕೆ ಆದ ಖರ್ಚು ನೂರು ರೂಪಾಯಿಯೊಳಗೆ.

ನಮ್ಮದು ತಿಳಿ ಬೂದು ಬಣ್ಣದ ಮ್ಯಾಟ್ ಲ್ಯಾಮಿನೇಟ್. ಚಿಮಣಿ ಇದ್ದರೂ ಒಗ್ಗರಣೆ, ಹಪ್ಪಳ ಅಂತ ಮೂರ್ನಾಲ್ಕು ವರ್ಷದ ಜಿಡ್ಡು ಕೂತಿತ್ತು. ಸೂರ್ಯಕಾಂತಿ ಎಣ್ಣೆಯ ಆವಿ ಗಾಳಿಗೆ ಒಣಗಿದರೆ ವಾರ್ನಿಶ್ ಬಳಿದ ಹಾಗೆ ಕೂರುತ್ತದೆ. ಅದರ ಮೇಲೆ ಧೂಳು ಬೇರೆ.

ವಿನೆಗರ್, ನಿಂಬೆಹಣ್ಣಿನಿಂದ ಬಂದದ್ದು ವಾಸನೆ ಅಷ್ಟೇ. ಅಡುಗೆ ಸೋಡಾ ಪೇಸ್ಟ್ ಮ್ಯಾಟ್‌ನ ಸಣ್ಣ ಗೆರೆಗಳಲ್ಲಿ ಬೆಳ್ಳಗೆ ಕೂತು, ಅದನ್ನು ತೆಗೆಯುವುದೇ ಇನ್ನೊಂದು ಕೆಲಸವಾಯಿತು. ಇನ್ನೂರರ ಆಸುಪಾಸಿನ ಸ್ಪ್ರೇ ಮೇಲಿನ ಪದರ ಕರಗಿಸಿತು, ಕೆಳಗಿನದು ಹಾಗೇ ಉಳಿಯಿತು. ಆಮೇಲೆ ಡೀಪ್ ಕ್ಲೀನಿಂಗ್‌ನವರು ಬಂದು 2,500 ತೆಗೆದುಕೊಂಡರು. ಸ್ಟೀಮ್ ಬಿಟ್ಟ ಬಿಸಿಗೆ ಅಂಚಿಗೆ ಅಂಟಿಸಿದ ಎಡ್ಜ್ ಬ್ಯಾಂಡ್‌ನ ಗೋಂದು ಮೆತ್ತಗಾಗಿ ಕೆಳಗಿನ ಪಟ್ಟಿ ಎದ್ದುಬಂತು. ಜಿಡ್ಡು ಮಾತ್ರ ಎದ್ದಿರಲಿಲ್ಲ!

ಕೊನೆಗೆ ಕೊಬ್ಬರಿ ಎಣ್ಣೆ ಹಿಡಿದೆ. "ಇರೋ ಜಿಡ್ಡು ಸಾಲದೇನಮ್ಮ?" ಎಂದರು ಅತ್ತೆ. ಆದರೆ ಕೊಬ್ಬರಿ ಎಣ್ಣೆ ಸೂರ್ಯಕಾಂತಿ ಎಣ್ಣೆಯ ಹಾಗೆ ಒಣಗಿ ಅಂಟಾಗುವುದಿಲ್ಲ, ಹಳೆ ಜಿಡ್ಡನ್ನು ನೆನೆಸಿ ಮೆತ್ತಗೆ ಮಾಡುತ್ತದೆ. ಒಂದು ಶಟರ್‌ಗೆ ಎರಡು ಚಮಚ ಸಾಕು. ಹಳೆ ಪಂಚೆ ತುಂಡಿನಲ್ಲಿ ಹಚ್ಚಿ ಅರ್ಧ ಗಂಟೆ ಬಿಟ್ಟೆ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ಜಿಡ್ಡು ಬಿಡುತ್ತಿದೆ ಎಂದರ್ಥ. ಬರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕಾಯಬೇಕು, ಉಜ್ಜಬಾರದು. ಗಟ್ಟಿ ಹನಿಗಳನ್ನು ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದೆ. ಎಲ್ಲ ಒಣ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಸೋಪಿನ ನೀರು: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಚಮಚ ವಾಷಿಂಗ್ ಸೋಡಾ. ಬಟ್ಟೆಯನ್ನು ಚೆನ್ನಾಗಿ ಹಿಂಡಿಕೊಳ್ಳಬೇಕು. ಅಂಚಿನಿಂದ ನೀರು ಒಳಗೆ ಹೋದರೆ ಬೋರ್ಡ್ ಊದಿಕೊಳ್ಳುತ್ತದೆ. ಮ್ಯಾಟ್‌ಗೆ ಈ ನೀರು ಎರಡು ಸಲ ಬೇಕಾಯಿತು, ಆಮೇಲೆ ಬರೀ ನೀರು, ಕೂಡಲೇ ಒಣ ಬಟ್ಟೆ. ಎರಡನೇ ಸಲದ ನೀರಿಗೆ ನಾನು ಇನ್ನೊಂದು ಹಾಕುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ಒಂದು ಶಟರ್‌ಗೆ ಸೋಪಿನ ಬದಲು ಸೀಗೆಪುಡಿ ಕಲಸಿ ನೋಡಿದೆ. ಎಣ್ಣೆಸ್ನಾನದ ಎಣ್ಣೆಯನ್ನೇ ತೆಗೆಯುತ್ತದೆ, ಇದನ್ನು ಬಿಟ್ಟೀತಾ ಎಂಬ ಲೆಕ್ಕ. ಎಣ್ಣೆ ಚೆನ್ನಾಗಿಯೇ ಹೋಯಿತು. ಆದರೆ ಹಿಡಿಯ ಸಂದಿನಿಂದ ಪುಡಿ ತೆಗೆಯಲು ಟೂತ್ ಬ್ರಷ್ ಹಿಡಿದು ಕೂರಬೇಕಾಯಿತು. ಬಿಳಿ ಶಟರ್ ಇರುವವರು ಆ ಕಡೆ ಹೋಗದಿರುವುದೇ ಒಳ್ಳೆಯದು.

ನಿಮ್ಮ ಶಟರ್ ಅಕ್ರಿಲಿಕ್ ಅಥವಾ ಪಿಯು ಪೇಂಟಿನದಾದರೆ ವಾಷಿಂಗ್ ಸೋಡಾ ಬೇಡ, ಹೊಳಪು ಹೋಗಬಹುದು. ಎಣ್ಣೆ, ಲಿಕ್ವಿಡ್ ಸಾಕು. ಮ್ಯಾಜಿಕ್ ಸ್ಪಾಂಜ್ ಕೂಡ ಬೇಡ, ಅದು ಒರೆಸುವುದಿಲ್ಲ, ಸವೆಸುತ್ತದೆ. ಹಿಡಿ ಅಲ್ಯೂಮಿನಿಯಂ ಆದರೆ ಸೋಡಾ ನೀರು ಅದರ ಮೇಲೆ ನಿಲ್ಲಬಾರದು, ಮಂಕಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಹಳದಿ ಕಂಡರೆ ಮೊದಲು ಟಿಶ್ಯೂ ಎಳೆದು ನೋಡಿ. ಟಿಶ್ಯೂ ತಡೆಯದೆ ಜಾರಿದರೆ ಅದು ಜಿಡ್ಡಲ್ಲ, ಬಣ್ಣವೇ ತಿರುಗಿದೆ. ಅಲ್ಲಿ ಕಾರ್ಪೆಂಟರ್ ಹೇಳಿದ್ದೇ ಸರಿ.