ಆಟೋ ಮೀಟರಿನ ಲೆಕ್ಕವನ್ನು ನ್ಯೂರಾನ್‌ಗೆ ಕಲಿಸಿದ್ದು: ಕೋಡ್ ಇಲ್ಲ, ಬರೀ ಸ್ಪ್ರೆಡ್‌ಶೀಟ್

ಕೋಡ್ ಬರೆಯಲು ಬಾರದವರಿಗೆ, ಉದಾಹರಣೆಗಳಿಂದ ತಾನೇ ನಿಯಮ ಕಲಿಯುವ ನ್ಯೂರಲ್ ನೆಟ್‌ವರ್ಕ್ ಒಳಗೆ ಏನು ನಡೆಯುತ್ತದೆಂದು ತೋರಿಸಲು ಆಗುವುದೇ ಇಲ್ಲ, ಪೈಥಾನ್ ಕಲಿತೇ ಬರಬೇಕು ಎಂದು ಹೇಳುವವರು ತುಂಬ ಜನ. ನಾನು ಒಪ್ಪಲಿಲ್ಲ. ಕೆಳಗಿನ ವಿಧಾನ ಪ್ರಥಮ ವರ್ಷದ ಕಾಮರ್ಸ್ ವಿದ್ಯಾರ್ಥಿಗೂ ಒಂದು ಮಧ್ಯಾಹ್ನದಲ್ಲಿ ಹಿಡಿಯುತ್ತದೆ. ಬೇಕಾದದ್ದು ಹಳೆಯ ಲ್ಯಾಪ್‌ಟಾಪ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್. ಅದು ಪುಕ್ಕಟೆ ಸಿಗುತ್ತದೆ. ಬಾಡಿಗೆ ಜಿಪಿಯು, ಸಾವಿರಾರು ರೂಪಾಯಿಯ ಕೋರ್ಸು ಯಾವುದಕ್ಕೂ ದುಡ್ಡು ಸುರಿಯಬೇಕಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಸೂತ್ರ ಎಳೆಯಲು ಬಂದರೆ ಸಾಕು.

ಉದಾಹರಣೆಗೆ ಬೆಂಗಳೂರಿನ ಆಟೋ ಬಾಡಿಗೆಯನ್ನು ಆರಿಸಿಕೊಂಡೆ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಈ ನಿಯಮವನ್ನು ನೆಟ್‌ವರ್ಕ್‌ಗೆ ಹೇಳುವುದಿಲ್ಲ. ಐದು ಪ್ರಯಾಣಗಳನ್ನು ಮಾತ್ರ ಕೊಡುತ್ತೇವೆ: 1 ಕಿ.ಮೀ.ಗೆ 36, 2ಕ್ಕೆ 36, 3ಕ್ಕೆ 54, 4ಕ್ಕೆ 72, 6ಕ್ಕೆ 108. ನಿಯಮವನ್ನು ಅದೇ ಕಂಡುಕೊಳ್ಳಬೇಕು.

ಮೊದಲು ಒಂದೇ ನ್ಯೂರಾನ್. ಅದು ಮಾಡುವ ಕೆಲಸ ಇಷ್ಟೇ: ಕಿಲೋಮೀಟರನ್ನು w ಎಂಬ ತೂಕದಿಂದ ಗುಣಿಸಿ, b ಎಂಬ ಇನ್ನೊಂದು ಸಂಖ್ಯೆ ಕೂಡಿಸಿ ಉತ್ತರ ಹೇಳುವುದು. ಎರಡನ್ನೂ 0 ಇಟ್ಟು ಶುರು ಮಾಡಿ. 3 ಕಿ.ಮೀ. ಕೊಟ್ಟರೆ ಅದು 0 ಎನ್ನುತ್ತದೆ, ನಿಜವಾದ ಬಾಡಿಗೆ 54. ಹೇಳಿದ್ದರಿಂದ ನಿಜವನ್ನು ಕಳೆದರೆ ತಪ್ಪು −54. ಈಗ ತೂಕ ತಿದ್ದಬೇಕು. ಎಷ್ಟು? ಕಲಿಕೆಯ ದರ ಎಂಬ ಸಣ್ಣ ಸಂಖ್ಯೆ, ತಪ್ಪು, ಆ ತೂಕ ಗುಣಿಸಿದ್ದ ಸಂಖ್ಯೆ, ಈ ಮೂರನ್ನೂ ಗುಣಿಸಿ ಹಳೆಯ ತೂಕದಿಂದ ಕಳೆಯಬೇಕು. ದರ 0.01 ಇಟ್ಟರೆ w = 0 + 0.01 × 54 × 3 = 1.62. b ಯಾವುದನ್ನೂ ಗುಣಿಸುವುದಿಲ್ಲ, ಅದಕ್ಕೆ 1 ಎಂದುಕೊಳ್ಳಿ, ಅದು 0.54 ಆಗುತ್ತದೆ. ಮುಂದಿನ ಉದಾಹರಣೆ 6 ಕಿ.ಮೀ. ಆದರೆ ಉತ್ತರ 10.26, ತಪ್ಪು −97.74, ಹೊಸ w ಸುಮಾರು 7.48. ಕಲಿಯುವುದು ಎಂದರೆ ಇದನ್ನೇ ಸಾವಿರಾರು ಸಲ ಮಾಡುವುದು. ಗುಣಿಸಿದ್ದ ಸಂಖ್ಯೆ ಏಕೆ ಬರುತ್ತದೆ ಎಂದರೆ, 6ರಿಂದ ಗುಣಿಸಿಕೊಂಡ ತೂಕ ಒಂದಿಷ್ಟು ಅಲುಗಿದರೆ ಉತ್ತರ ಅದರ ಆರು ಪಟ್ಟು ಅಲುಗುತ್ತದೆ. ತಪ್ಪಿನಲ್ಲಿ ಅದರ ಪಾಲೂ ಅಷ್ಟೇ ದೊಡ್ಡದು.

ಇಲ್ಲಿ ಎಲ್ಲರೂ ಮುಗ್ಗರಿಸುವುದು ದರದಲ್ಲಿ. ಬೇಗ ಕಲಿಯಲಿ ಎಂದು 0.01ರ ಬದಲು 0.1 ಹಾಕಿದರೆ ಹಾಳೆ ಸಿಡಿಯುತ್ತದೆ. 6 ಕಿ.ಮೀ. ಉದಾಹರಣೆಯೊಂದನ್ನೇ ಮತ್ತೆ ಮತ್ತೆ ಕೊಟ್ಟು ನೋಡಿ: ತಪ್ಪು −108, ಆಮೇಲೆ 291.6, ಆಮೇಲೆ −787.3. ಪ್ರತಿ ತಿದ್ದುಪಡಿಯಲ್ಲೂ ತಪ್ಪು 1 − ದರ × (6×6 + 1) ಪಟ್ಟಾಗುತ್ತದೆ. 0.1ಕ್ಕೆ ಅದು −2.7, ಅಂದರೆ ಚಿಹ್ನೆ ಬದಲಾಗುತ್ತ ಹಿಗ್ಗುತ್ತದೆ. 0.01ಕ್ಕೆ 0.63, ಕುಗ್ಗುತ್ತದೆ. ತಪ್ಪಿನ ಕಾಲಂನಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿ ಅಂಕಿಗಳು ಉದ್ದವಾಗುತ್ತಿದ್ದರೆ ಬೇರೇನೂ ಹುಡುಕಬೇಡಿ, ದರ ಇಳಿಸಿ.

ದರ ಸರಿಯಾದ ಮೇಲೂ ಒಂದೇ ನ್ಯೂರಾನ್ ಒಂದು ಕಡೆ ನಿಂತುಬಿಡುತ್ತದೆ. w ಸುಮಾರು 15.3, b ಸುಮಾರು 12ರ ಆಸುಪಾಸು. ಇನ್ನೆಷ್ಟು ಸಾಲು ಎಳೆದರೂ ಅಷ್ಟೇ. ಆಗ ತಪ್ಪುಗಳನ್ನು ದೂರದ ಕ್ರಮದಲ್ಲಿ ಜೋಡಿಸಿ: 1 ಕಿ.ಮೀ.ಗೆ ಎಂಟೂವರೆ ರೂಪಾಯಿ ಕಡಿಮೆ, 2ಕ್ಕೆ ಸುಮಾರು ಏಳು ಹೆಚ್ಚು, 3ಕ್ಕೆ ನಾಲ್ಕು ಹೆಚ್ಚು, 4ಕ್ಕೆ ಒಂದೂವರೆ ಹೆಚ್ಚು, 6ಕ್ಕೆ ಮತ್ತೆ ನಾಲ್ಕು ಕಡಿಮೆ. ಎರಡು ತುದಿಯಲ್ಲಿ ಕಡಿಮೆ, ನಡುವೆ ಹೆಚ್ಚು. ನಿಜವಾದ ಬಾಡಿಗೆಯ ಗೆರೆ 2 ಕಿ.ಮೀ. ಬಳಿ ಮಡಚಿಕೊಂಡಿದೆ, ನಮ್ಮ ನ್ಯೂರಾನ್‌ಗೆ ನೇರ ಗೆರೆ ಬಿಟ್ಟು ಬೇರೆ ಎಳೆಯಲು ಬಾರದು. ಇದು ದರದ ದೋಷವಲ್ಲ.

ಮಡಿಕೆ ಬೇಕಾದರೆ ನಡುವೆ ಇನ್ನೊಂದು ನ್ಯೂರಾನ್ ಇಡಬೇಕು. ಅದು u × ಕಿ.ಮೀ. + c ಲೆಕ್ಕ ಹಾಕಿ, ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎನ್ನುತ್ತದೆ. ಅದರ ಉತ್ತರವನ್ನು v ಎಂಬ ತೂಕದಿಂದ ಗುಣಿಸಿ b ಕೂಡಿಸಿದರೆ ಬಾಡಿಗೆ. ಈ ಹಂತದಲ್ಲಿ ಬಾಡಿಗೆಯನ್ನು 100ರಿಂದ ಭಾಗಿಸಿ (36ಕ್ಕೆ 0.36). ಒಂದೇ ನ್ಯೂರಾನ್ ಇದ್ದಾಗ ರೂಪಾಯಿಯಲ್ಲೇ ನಡೆಯುತ್ತಿತ್ತು. ಈಗ u ತಿದ್ದುವಾಗ ತಪ್ಪಿನ ಜೊತೆ v ಕೂಡ ಗುಣಿಸಿಕೊಳ್ಳುತ್ತದೆ, ಎರಡೂ ದೊಡ್ಡದಾದರೆ ಮತ್ತೆ ಸಿಡಿತ. ಕಾಲಂಗಳು ಹೀಗೆ: A ಕಿ.ಮೀ., B ಬಾಡಿಗೆ, C ಇಂದ F ವರೆಗೆ u, c, v, b.

```
G2: =MAX(0, C2*A2+D2)
H2: =E2*G2+F2
I2: =H2-B2
C3: =C2-0.05*I2*E2*A2*(G2>0)
D3: =D2-0.05*I2*E2*(G2>0)
E3: =E2-0.05*I2*G2
F3: =F2-0.05*I2
```

ಐದು ಪ್ರಯಾಣಗಳು 2ರಿಂದ 6ನೇ ಸಾಲಿನಲ್ಲಿ, A7ರಲ್ಲಿ `=A2`, B7ರಲ್ಲಿ `=B2`, ಹಾಗೇ ಕೆಳಕ್ಕೆ ಎಳೆಯಿರಿ. ಶುರುವಿನ ತೂಕ u 0.5, c −0.75, v 0.5, b 0.3. ಈ ತೂಕಗಳಿಗೆ 6 ಕಿ.ಮೀ. ಕೊಟ್ಟರೆ ನಡುವಿನ ನ್ಯೂರಾನ್ 2.25 ಎನ್ನುತ್ತದೆ, ಉತ್ತರ 1.425, ತಪ್ಪು 0.345, ಅಂದರೆ ಮೂವತ್ತನಾಲ್ಕೂವರೆ ರೂಪಾಯಿ. ಒಮ್ಮೆ ತಿದ್ದಿದರೆ u ಸುಮಾರು 0.448, v ಸುಮಾರು 0.461. ಅದೇ 6 ಕಿ.ಮೀ.ಗೆ ಈಗ ಒಂಬತ್ತು ರೂಪಾಯಿ ಚಿಲ್ಲರೆ ತಪ್ಪು. ಐದಾರು ಸಾವಿರ ಸಾಲು ಎಳೆಯಲು ಹಿಂಜರಿಯಬೇಡಿ. u ಮತ್ತು v ಗುಣಿಸಿದರೆ 0.18ರ ಹತ್ತಿರ, b 0.36ರ ಹತ್ತಿರ, c ಯನ್ನು u ಇಂದ ಭಾಗಿಸಿದರೆ −2ರ ಹತ್ತಿರ ಬರುತ್ತದೆ. ಹದಿನೆಂಟು ರೂಪಾಯಿ, ಮೂವತ್ತಾರು ರೂಪಾಯಿ, ಎರಡು ಕಿಲೋಮೀಟರ್: ಯಾರೂ ಹೇಳಿಕೊಡದ ದರಪಟ್ಟಿ ಹಾಳೆಯಲ್ಲೇ ಮೂಡುತ್ತದೆ. ಇದನ್ನು ನೋಡಿದ ಮೇಲೆ ಕೋಡ್ ಇಲ್ಲದೆ ಆಗದು ಎಂದವರು ಮಾತು ಮುಂದುವರಿಸಿಲ್ಲ.

C3 ಬರೆಯುವಾಗ E2 ಬದಲು E3 ಹಾಕಬೇಡಿ. ತಪ್ಪು ಮಾಡಿದ್ದು ಹಳೆಯ v ಇದ್ದಾಗ, ಪಾಲು ಹಂಚುವುದೂ ಹಳೆಯದರಿಂದಲೇ. ಪ್ರಗತಿ ಅಳೆಯಲು ತಪ್ಪುಗಳ ಸರಾಸರಿ ತೆಗೆಯಬೇಡಿ, ಪ್ಲಸ್ ಮೈನಸ್ ಹೊಡೆದುಕೊಂಡು ಸೊನ್ನೆ ಬರುತ್ತದೆ. `=SUMSQ(I2:I6)/5` ಹಾಕಿ ಕೆಳಕ್ಕೆ ಎಳೆಯಿರಿ.

ಶುರುವಿನ ತೂಕ ಇಲ್ಲಿ ನಿಜವಾಗಿಯೂ ಮುಖ್ಯ. u −1, c 0 ಎಂದಿಟ್ಟು ನೋಡಿ: ಯಾವ ದೂರ ಕೊಟ್ಟರೂ ನಡುವಿನ ನ್ಯೂರಾನ್ ಸೊನ್ನೆ ಎನ್ನುತ್ತದೆ, u, c, v ಮೂರೂ ಎಂದೆಂದಿಗೂ ಅಲುಗುವುದಿಲ್ಲ. b ಮಾತ್ರ ಓಡಾಡಿ 0.61ರ ಸುತ್ತ ನಿಲ್ಲುತ್ತದೆ, ಅದು ಐದೂ ಬಾಡಿಗೆಗಳ ಸರಾಸರಿ. ಎಲ್ಲ ದೂರಕ್ಕೂ ಒಂದೇ ಉತ್ತರ ಬಂತೆಂದರೆ ನ್ಯೂರಾನ್ ಸತ್ತಿದೆ ಎಂದು ತಿಳಿಯಿರಿ. ಎಲ್ಲವನ್ನೂ 0 ಇಟ್ಟರೂ ಇದೇ ಗತಿ. ಮಡಿಕೆ 1 ಕಿ.ಮೀ.ಗಿಂತ ಮೊದಲೇ ಬೀಳುವಂತೆ ಶುರು ಮಾಡಿದರೆ ಇನ್ನೊಂದು ಪೇಚು: ಐದೂ ಪ್ರಯಾಣಗಳು ಮಡಿಕೆಯ ಒಂದೇ ಬದಿಗೆ ಬಿದ್ದು, ಹಳೆಯ ನೇರ ಗೆರೆಗೇ ಹೋಗಿ ಸಿಕ್ಕಿಕೊಳ್ಳಬಹುದು. ದೊಡ್ಡ ನೆಟ್‌ವರ್ಕ್‌ಗಳಲ್ಲಿ ಇಂಥ ನ್ಯೂರಾನ್‌ಗಳು ನೂರಾರು, ಬೇರೆ ಬೇರೆ ಜಾಗದಿಂದ ಶುರುವಾಗುವುದರಿಂದ ಕೆಲವು ಸತ್ತರೂ ನಡೆಯುತ್ತದೆ. ನಮ್ಮದು ಒಂದೇ. ಉದಾಹರಣೆಗಳನ್ನು ಯಾವ ಕ್ರಮದಲ್ಲಿ ಕೊಟ್ಟರೆ ಅರ್ಧದಷ್ಟು ಸಾಲಿನಲ್ಲೇ ಮುಗಿಯುತ್ತದೆ ಎಂಬುದು ನನ್ನ ಬಳಿಯೇ ಇರಲಿ, ಅದಲುಬದಲು ಮಾಡಿ ನೀವೇ ಹುಡುಕಿ.

ಇದೇ ಹಾಳೆಯಲ್ಲಿ ರಾತ್ರಿ ಬಾಡಿಗೆಯನ್ನೂ ಸೇರಿಸಿ ನೋಡಿದ್ದೆ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ರಾತ್ರಿಯಾದರೆ 1, ಹಗಲಾದರೆ 0 ಎಂಬ ಕಾಲಂ, ಅದಕ್ಕೊಂದು ತೂಕ, ನೇರವಾಗಿ ಉತ್ತರಕ್ಕೆ ಕೂಡಿಸಿದ್ದು. ಸರಿಹೋಗಲಿಲ್ಲ. ಕೂಡಿಸಿದ ತೂಕ ಪ್ರತಿ ಪ್ರಯಾಣಕ್ಕೂ ಒಂದೇ ಮೊತ್ತ ಸೇರಿಸುತ್ತದೆ, ನಿಜದಲ್ಲಿ 2 ಕಿ.ಮೀ.ಗೆ 18 ಹೆಚ್ಚು, 6ಕ್ಕೆ 54 ಹೆಚ್ಚು. ರಾತ್ರಿ ಮಾತ್ರ ಎಚ್ಚರಾಗುವ ಇನ್ನೊಂದು ನಡುವಿನ ನ್ಯೂರಾನ್ ಇಟ್ಟು, ರಾತ್ರಿಯ ಕಾಲಂ ಮತ್ತು ಕಿಲೋಮೀಟರ್ ಎರಡನ್ನೂ ಅದಕ್ಕೆ ಕೊಟ್ಟ ಮೇಲೆ ತಪ್ಪು ಇಳಿಯತೊಡಗಿತು.