ಒಂದೇ ರೀಲ್ಸ್‌ಗೆ ಎರಡು ಆರಂಭ: ಯಾವುದು ಗೆದ್ದಿತೆಂದು ಅಳೆಯುವುದು ಹೇಗೆ?

ವೀಡಿಯೊದ ಮೊದಲ ಮೂರು ಸೆಕೆಂಡುಗಳಲ್ಲಿ ನೋಡುಗರನ್ನು ಹಿಡಿದು ನಿಲ್ಲಿಸುವ ಮಾತು ಅಥವಾ ದೃಶ್ಯವನ್ನು ರೀಲ್ಸ್ ಮಾಡುವವರು ‘ಹುಕ್’ ಎನ್ನುತ್ತಾರೆ. ಯಾವ ಹುಕ್ ಉತ್ತಮವೆಂದು ತಿಳಿಯಲು ಒಂದೇ ವೀಡಿಯೊವನ್ನು ಎರಡು ಬೇರೆ ಆರಂಭಗಳೊಂದಿಗೆ ಹಾಕಿ ನೋಡುವ ರೂಢಿಯಿದೆ. ಆದರೆ ಹೆಚ್ಚಿನವರು ಕೊನೆಗೆ ಹೋಲಿಸುವುದು ವೀಕ್ಷಣೆಗಳ ಸಂಖ್ಯೆಯನ್ನು. ಆ ಸಂಖ್ಯೆಯಲ್ಲಿ ಮರುವೀಕ್ಷಣೆಗಳೂ ಸೇರಿರುತ್ತವೆ. ವೀಡಿಯೊವನ್ನು ಎಷ್ಟು ಜನರ ಮುಂದಿಡಬೇಕೆಂಬ ಇನ್‌ಸ್ಟಾಗ್ರಾಮ್‌ನ ನಿರ್ಧಾರವೂ ಅದರಲ್ಲಿ ಬೆರೆತಿರುತ್ತದೆ. ಆದ್ದರಿಂದ ಅದು ಹುಕ್‌ನ ಅಳತೆಯಾಗಲಾರದು.

ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸುವ 40 ಸೆಕೆಂಡುಗಳ ವೀಡಿಯೊವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೊದಲ ಆವೃತ್ತಿ, ಕಾವಲಿಗೆ ಅಂಟಿ ಹರಿದುಹೋಗುವ ದೋಸೆಯಿಂದ, ‘ನೀವು ಮಾಡುತ್ತಿರುವ ತಪ್ಪು ಇದೊಂದೇ’ ಎಂಬ ಮಾತಿನೊಂದಿಗೆ ಶುರುವಾಗುತ್ತದೆ. ಎರಡನೆಯದರಲ್ಲಿ ಗರಿಗರಿಯಾದ ದೋಸೆ ಸಟ್ಟುಗ ತಾಗಿಸುತ್ತಲೇ ಜಾರಿ ಮೇಲೇಳುತ್ತದೆ. ಎರಡರಲ್ಲೂ ಆರಂಭ ಸರಿಯಾಗಿ ಮೂರು ಸೆಕೆಂಡು ಇರಬೇಕು ಮತ್ತು ಅದರ ನಂತರದ ಚೌಕಟ್ಟಿನಿಂದ ಕೊನೆಯವರೆಗೆ ಒಂದಿಷ್ಟೂ ವ್ಯತ್ಯಾಸವಿರಕೂಡದು. ಮುಖಪುಟದ ಚಿತ್ರ, ಶೀರ್ಷಿಕೆಯ ಬರಹ, ಹ್ಯಾಶ್‌ಟ್ಯಾಗ್, ಹಿನ್ನೆಲೆ ಸಂಗೀತ ಎಲ್ಲವೂ ಒಂದೇ ಆಗಿರಲಿ. ಹುಕ್ ಜೊತೆಗೆ ಸಂಗೀತವನ್ನೂ ಬದಲಿಸಿದರೆ, ಗೆದ್ದದ್ದು ಯಾವುದೆಂದು ಹೇಳಲು ಯಾರಿಂದಲೂ ಆಗದು.

ಇನ್ನು ಹಾಕುವ ಬಗೆ. ಎರಡನ್ನೂ ಮಾಮೂಲಿನಂತೆ ಪ್ರಕಟಿಸಿದರೆ ನಿಮ್ಮ ಹಿಂಬಾಲಕರು ಎರಡನ್ನೂ ನೋಡುತ್ತಾರೆ. ಮೊದಲನೆಯದನ್ನು ಕಂಡವರು ಎರಡನೆಯದನ್ನು ‘ಇದು ನೋಡಿದ್ದೇ’ ಎಂದು ಸರಿಸಿಬಿಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ತಂದ ‘ಟ್ರಯಲ್ ರೀಲ್ಸ್’ ಸೌಲಭ್ಯ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸುತ್ತದೆ, ಏಕೆಂದರೆ ಅದು ವೀಡಿಯೊವನ್ನು ಮೊದಲು ನಿಮ್ಮನ್ನು ಹಿಂಬಾಲಿಸದವರಿಗೆ ತೋರಿಸುತ್ತದೆ. ಆದರೆ ಮೊದಲ 72 ಗಂಟೆಗಳಲ್ಲಿ ಚೆನ್ನಾಗಿ ಓಡಿದರೆ ತಾನಾಗಿಯೇ ಎಲ್ಲರಿಗೂ ಹಂಚುವ ಆಯ್ಕೆಯನ್ನು ಆಫ್ ಮಾಡಿಡಬೇಕು. ಇಲ್ಲದಿದ್ದರೆ ಒಂದು ಆವೃತ್ತಿ ಮಾತ್ರ ಹಿಂಬಾಲಕರನ್ನು ತಲುಪಿ, ಹೋಲಿಕೆ ಅಲ್ಲಿಗೇ ಕೆಡುತ್ತದೆ. ಎರಡನೆಯದನ್ನು ಒಂದು ವಾರ ಬಿಟ್ಟು, ಅದೇ ವಾರದ ದಿನ, ಅದೇ ಹೊತ್ತಿಗೆ ಹಾಕಿರಿ. ನಡುವೆ ಹಬ್ಬ ಬಂದರೆ ಇನ್ನೊಂದು ವಾರ ಕಾಯುವುದೇ ಲೇಸು.

ಹಾಕುವ ಮೊದಲೇ ಎರಡು ಸಂಗತಿಗಳನ್ನು ಕಾಗದದಲ್ಲಿ ಬರೆದಿಡಿ: ಯಾವ ಅಳತೆಯನ್ನು ನೋಡುತ್ತೀರಿ ಮತ್ತು ಯಾವಾಗ ನೋಡುತ್ತೀರಿ. ನಿತ್ಯ ಇಣುಕಿ, ನಮಗೆ ಬೇಕಾದ ಆವೃತ್ತಿ ಮುಂದಿರುವ ದಿನವೇ ತೀರ್ಪು ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಪ್ರತಿಯೊಂದಕ್ಕೂ ಮೂರು ದಿನ ತುಂಬಿದಾಗ, ಮೂರನೇ ಸೆಕೆಂಡು ದಾಟಿದವರ ಶೇಕಡಾವಾರು ಪ್ರಮಾಣವನ್ನು ನೋಡುವುದು ಸರಿಯಾದ ನಿಯಮ. ಯೂಟ್ಯೂಬ್ ಶಾರ್ಟ್ಸ್‌ನಲ್ಲಾದರೆ, ಸರಿಸದೆ ನಿಂತು ನೋಡಿದವರ ಪ್ರಮಾಣ ಅದಕ್ಕೆ ಸಮೀಪವಾದುದು.

ಈಗ ನಮ್ಮ ಕಾವಲಿಯ ಲೆಕ್ಕ. ಹರಿದ ದೋಸೆಯ ಆವೃತ್ತಿಗೆ 1,200 ವೀಕ್ಷಣೆ, ಅವುಗಳಲ್ಲಿ 744 ಮೂರನೇ ಸೆಕೆಂಡು ದಾಟಿದವು, ಅಂದರೆ ಶೇ 62. ಜಾರುವ ದೋಸೆಗೆ 1,100ರಲ್ಲಿ 616, ಅಂದರೆ ಶೇ 56 ಎಂದುಕೊಳ್ಳೋಣ. ಆರು ಅಂಶಗಳ ಈ ಅಂತರ ಬರೀ ಆಕಸ್ಮಿಕವಿರಬಹುದೇ? ಎರಡಕ್ಕೂ ಸಾವಿರದಷ್ಟು ವೀಕ್ಷಣೆಗಳಿದ್ದಾಗ ನಾಲ್ಕು ಅಂಶಗಳಿಗಿಂತ ಕಡಿಮೆ ಅಂತರವನ್ನು ಲೆಕ್ಕಕ್ಕೆ ಹಿಡಿಯಬಾರದು. 250ರಷ್ಟೇ ಇದ್ದರೆ ಈ ಮಿತಿ ಸುಮಾರು ಒಂಬತ್ತಕ್ಕೇರುತ್ತದೆ, 4,000 ಇದ್ದರೆ ಎರಡರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಹರಿದ ದೋಸೆಯ ಮುನ್ನಡೆಯನ್ನು ನಂಬಬಹುದು.

ಆದರೆ ವೀಕ್ಷಕರು ಎಲ್ಲಿಯವರೆಗೆ ಉಳಿದರೆಂಬ ಗೆರೆಚಿತ್ರವನ್ನು ನೋಡದೆ ಸಂಭ್ರಮಿಸಬಾರದು. 15ನೇ ಸೆಕೆಂಡಿಗೆ ಮೊದಲನೆಯದರಲ್ಲಿ 298, ಎರಡನೆಯದರಲ್ಲಿ 302 ವೀಕ್ಷಣೆಗಳು ಉಳಿದಿವೆ ಎಂದಿಟ್ಟುಕೊಳ್ಳಿ. ಒಟ್ಟು ವೀಕ್ಷಣೆಗಳಲ್ಲಿ ಇವು ಸುಮಾರು ಶೇ 25 ಮತ್ತು ಶೇ 27. ಈ ಚಿಕ್ಕ ಅಂತರದಿಂದ ಎರಡನೆಯದು ಗೆದ್ದಿತೆನ್ನಲಾಗದು, ಆದರೆ ಮೊದಲನೆಯದರ ಮುನ್ನಡೆ ಕರಗಿಹೋಗಿದೆ ಎಂಬುದು ಸ್ಪಷ್ಟ. ಕಾರಣವೂ ವೀಡಿಯೊದಲ್ಲೇ ಇದೆ: ‘ಇದೊಂದೇ ತಪ್ಪು’ ಎಂದು ಕರೆದವರು, ಆ ತಪ್ಪೇನೆಂದು ಹೇಳದೆ ಕಾವಲಿ ತೊಳೆಯುವುದು, ಒಣಗಿಸುವುದು, ಎಣ್ಣೆ ಹಚ್ಚುವುದನ್ನೇ ತೋರಿಸುತ್ತಾ ಹೋದರು. ಇಂಥಲ್ಲಿ ತಿದ್ದಬೇಕಾದದ್ದು ಹುಕ್ ಅನ್ನಲ್ಲ, ಅದರ ನಂತರದ ಭಾಗವನ್ನು.

ಇಷ್ಟಾದ ಮೇಲೂ ಒಂದು ಅನುಮಾನ ಉಳಿಯುತ್ತದೆ. ಆ ವಾರ ಇನ್‌ಸ್ಟಾಗ್ರಾಮ್ ಯಾರಿಗೆ ತೋರಿಸಿತೆಂಬುದು ನಮ್ಮ ಕೈಯಲ್ಲಿಲ್ಲ, ಮೊದಲು ಹಾಕಿದ್ದಕ್ಕೆ ಅನುಕೂಲ ಸಿಕ್ಕಿರಲೂಬಹುದು. ಆದ್ದರಿಂದ ಮುಂದಿನ ಅಡುಗೆಮನೆ ವೀಡಿಯೊದಲ್ಲಿ ಸಮಸ್ಯೆ ತೋರಿಸುವ ಆರಂಭವನ್ನು ಎರಡನೆಯದಾಗಿ, ಫಲಿತಾಂಶ ತೋರಿಸುವುದನ್ನು ಮೊದಲನೆಯದಾಗಿ ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಬೇಕು. ಸರದಿ ಅದಲುಬದಲಾದರೂ ಸಮಸ್ಯೆಯ ಆರಂಭವೇ ಮುಂದಿದ್ದರೆ ಅದನ್ನು ಬಳಸಿಕೊಳ್ಳಿ; ಅಂತರ ತಿರುಗುಮುರುಗಾದರೆ, ಮೊದಲ ಸಲ ಗೆದ್ದದ್ದು ಹುಕ್ ಅಲ್ಲ, ಸರದಿಯೇ ಇರಬಹುದು.