ಹದಿನಾಲ್ಕನೇ ಪ್ರಶ್ನೆಗೆ ಮೈನಸ್ ಬಂದಾಗ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ಚಲನೆ ಪಾಠದ ಮೇಲೆ 25 ಬಹುಆಯ್ಕೆ ಪ್ರಶ್ನೆಗಳ ಟೆಸ್ಟ್ ಕೊಟ್ಟಿದ್ದೆ. ಈ ಸಲ ಅಂಕ ಹಾಕಿ ಸುಮ್ನಾಗಲಿಲ್ಲ, ಪ್ರಶ್ನೆಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದೆ. ಬಿ.ಎಡ್.ನಲ್ಲಿ ಓದಿದ್ದ ಐಟಂ ಅನಾಲಿಸಿಸ್ ಅನ್ನು ನನ್ನದೇ ಪ್ರಶ್ನೆಪತ್ರಿಕೆಗೆ ಹಚ್ಚಿದ್ದು ಇದೇ ಮೊದಲು.

ಜಾಸ್ತಿ ಅಂಕ ಬಂದವರದು ಒಂದು ಗುಂಪು, ಕಡಿಮೆ ಬಂದವರದು ಇನ್ನೊಂದು ಗುಂಪು ಮಾಡಿ, ಪ್ರತಿ ಪ್ರಶ್ನೆಯನ್ನು ಯಾವ ಗುಂಪಿನಲ್ಲಿ ಎಷ್ಟು ಜನ ಸರಿ ಮಾಡಿದ್ದಾರೆ ಅಂತ ಹೋಲಿಸುವುದು ಇದರ ಮುಖ್ಯ ಕೆಲಸ. ಮೂರೂ ಸೆಕ್ಷನ್ ಸೇರಿ 111 ಮಕ್ಕಳು. ಒಂದೇ ಸೆಕ್ಷನ್ ತೆಗೆದುಕೊಂಡಿದ್ದರೆ ಮೇಲಿನ ಗುಂಪಿಗೆ ಹತ್ತು ಮಕ್ಕಳು ಸಿಗುತ್ತಿದ್ದರು, ಒಬ್ಬರ ಕೈತಪ್ಪಿಗೇ ಲೆಕ್ಕ 0.10 ಅಲುಗಾಡುತ್ತಿತ್ತು. ಅದಕ್ಕೇ ಎಲ್ಲರನ್ನೂ ಒಟ್ಟಿಗೆ ಸೇರಿಸಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಮಗುವಿಗೆ ಒಂದು ಸಾಲು, ಪ್ರತಿ ಪ್ರಶ್ನೆಗೆ ಒಂದು ಕಾಲಂ. ಸರಿ ಇದ್ದರೆ 1, ತಪ್ಪಿದ್ದರೆ 0. ಆದರೆ ಮಗು ಯಾವ ಆಯ್ಕೆಗೆ ಗುರುತು ಹಾಕಿತು ಎನ್ನುವುದನ್ನು ಇನ್ನೊಂದು ಶೀಟ್‌ನಲ್ಲಿ ಹಾಗೇ ಇಟ್ಟುಕೊಂಡೆ. ಟೈಪ್ ಮಾಡೋಕೆ ಎರಡು ಸಂಜೆ ಹಿಡಿಯಿತು, ಆದರೆ ಕೊನೆಗೆ ಕೆಲಸಕ್ಕೆ ಬಂದದ್ದು ಆ ಶೀಟೇ.

ಒಟ್ಟು ಅಂಕದ ಪ್ರಕಾರ ಜಾಸ್ತಿಯಿಂದ ಕಡಿಮೆಗೆ ಜೋಡಿಸಿದೆ. ಜೋಡಿಸುವ ಮೊದಲು 1, 0ಗಳನ್ನು ಫಾರ್ಮುಲಾ ಇಲ್ಲದೆ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಬೇರೆ ಶೀಟ್ ನೋಡುವ ಫಾರ್ಮುಲಾಗಳು ಜೋಡಿಸುವಾಗ ಹಾದಿ ತಪ್ಪಿ, ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದೆ ಬಂದುಬಿಡುತ್ತದೆ. ಆಮೇಲೆ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27, ಅಂದರೆ 30 ಮಕ್ಕಳ ಎರಡು ಗುಂಪು. ಮೊದಲ ಪ್ರಶ್ನೆಯ ಕಾಲಂಗೆ ಫಾರ್ಮುಲಾ ಇಷ್ಟೇ:

```
=AVERAGE(B3:B113)
=(SUM(B3:B32)-SUM(B84:B113))/30
```

ಮೊದಲನೆಯದು ಕಠಿಣತೆ: ಎಲ್ಲ ಮಕ್ಕಳಲ್ಲಿ ಎಷ್ಟು ಪಾಲು ಸರಿ ಮಾಡಿದ್ದಾರೆ ಅಂತ. ಹೆಸರು ಕಠಿಣತೆ ಆದರೂ ಸಂಖ್ಯೆ ದೊಡ್ಡದಾದಷ್ಟೂ ಪ್ರಶ್ನೆ ಸುಲಭ. ಎರಡನೆಯದು ತಾರತಮ್ಯ: ಪಾಠ ಬಲ್ಲ ಮಗುವನ್ನೂ ಬಾರದ ಮಗುವನ್ನೂ ಈ ಪ್ರಶ್ನೆ ಬೇರೆ ಮಾಡಿ ತೋರಿಸುತ್ತಿದೆಯಾ ಅಂತ. 0.30 ದಾಟಿದರೆ ಒಳ್ಳೆಯದು, 0.20ಕ್ಕಿಂತ ಕೆಳಗಿದ್ದರೆ ಪ್ರಶ್ನೆಯನ್ನು ಮತ್ತೆ ಓದಬೇಕು.

ಮತ್ತೆ ಓದಬೇಕು ಅಂದರೆ ಕಿತ್ತುಹಾಕಬೇಕು ಅಂತಲ್ಲ. ನನ್ನ ಮೊದಲ ಪ್ರಶ್ನೆ ದೂರದ ಮೂಲಮಾನ ಯಾವುದು ಅಂತ. ಮೇಲಿನ ಗುಂಪಿನಲ್ಲಿ 30, ಕೆಳಗಿನ ಗುಂಪಿನಲ್ಲಿ 28 ಸರಿ. ತಾರತಮ್ಯ 0.07. ಎಲ್ಲರಿಗೂ ಬಂದ ಮೇಲೆ ವ್ಯತ್ಯಾಸ ಎಲ್ಲಿಂದ ಬರಬೇಕು ಅಲ್ವಾ? ಮಕ್ಕಳಿಗೆ ಧೈರ್ಯ ಬರಲಿ ಅಂತಲೇ ಮೊದಲಿಗೆ ಇಟ್ಟಿದ್ದೆ, ಅಲ್ಲೇ ಇರಲಿ ಅಂತ ಬಿಟ್ಟೆ.

ಹದಿನಾಲ್ಕನೆಯದು ಬೇರೆ ಕಥೆ. ಕಠಿಣತೆ 0.34, ತಾರತಮ್ಯ −0.10. ಚೆನ್ನಾಗಿ ಓದುವವರಿಗಿಂತ ಹಿಂದುಳಿದವರೇ ಜಾಸ್ತಿ ಸರಿ ಮಾಡಿದ್ದರು. ಪ್ರಶ್ನೆ ಹೀಗಿತ್ತು: ‘ಒಂದು ಬಸ್ಸು ಊರಿಂದ 120 ಕಿ.ಮೀ. ದೂರದ ಪಟ್ಟಣಕ್ಕೆ ಗಂಟೆಗೆ 60 ಕಿ.ಮೀ.ನಂತೆ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ 40 ಕಿ.ಮೀ.ನಂತೆ ವಾಪಸ್ ಊರಿಗೆ ಬಂತು. ಅದರ ಸರಾಸರಿ ವೇಗ ಎಷ್ಟು?’ ಆಯ್ಕೆಗಳು 50, 48, 0, 100. ನನ್ನ ಉತ್ತರ 48.

ಯಾರು ಯಾವುದಕ್ಕೆ ಗುರುತು ಹಾಕಿದ್ದಾರೆ ಅಂತ ಎಣಿಸಿದೆ. ಮೇಲಿನ 30ರಲ್ಲಿ 48 ಅಂದವರು 9, ಸೊನ್ನೆ ಅಂದವರು 17, 50 ಅಂದವರು 4. ಕೆಳಗಿನ 30ರಲ್ಲಿ 48ಕ್ಕೆ 12, ಸೊನ್ನೆಗೆ 3, 50ಕ್ಕೆ 13, 100ಕ್ಕೆ 2.

ಹದಿನೇಳು ಜನ ಜಾಣ ಮಕ್ಕಳು ಒಂದೇ ಕಡೆ ಹೋಗಿದ್ದಾರೆ ಅಂದರೆ ಅಲ್ಲೇನೋ ಕಾರಣ ಇರಲೇಬೇಕು. ಒಬ್ಬಳನ್ನು ಕರೆದು ಕೇಳಿದೆ. ‘ಸರ್, ಬಸ್ಸು ಹೊರಟ ಜಾಗಕ್ಕೇ ಬಂತಲ್ಲ, ಸ್ಥಾನಪಲ್ಲಟ ಸೊನ್ನೆ. ನೀವು ಜವ ಕೇಳಿಲ್ಲ, ವೇಗ ಕೇಳಿದ್ದೀರಿ’ ಅಂದಳು.

ಅವಳು ಹೇಳಿದ್ದೇ ಸರಿ. ಪಾಠದಲ್ಲಿ ಜವ ಬೇರೆ, ವೇಗ ಬೇರೆ. ಜವಕ್ಕೆ ಕ್ರಮಿಸಿದ ದೂರ ಬೇಕು, ವೇಗಕ್ಕೆ ಸ್ಥಾನಪಲ್ಲಟ ಬೇಕು. ಬಸ್ ಸ್ಟ್ಯಾಂಡಿನಲ್ಲಿ ನಾವೆಲ್ಲ ಎರಡಕ್ಕೂ ವೇಗ ಅಂತಲೇ ಹೇಳುತ್ತೇವೆ, ನಾನು ಆ ಮಾತಿನಲ್ಲೇ ಪ್ರಶ್ನೆ ಬರೆದಿದ್ದೆ. ಪಾಠ ಗಮನವಿಟ್ಟು ಓದಿದವರಿಗೆ ಅಂಕ ಹೋಯಿತು. ಉತ್ತರ ಸೊನ್ನೆ ಅಂತ ಬದಲಾಯಿಸಿ ನೋಡಿದರೆ ತಾರತಮ್ಯ ನೇರ 0.47ಕ್ಕೆ ಏರಿತು.

48 ಮತ್ತು ಸೊನ್ನೆ, ಎರಡಕ್ಕೂ ಅಂಕ ಕೊಟ್ಟೆ. ನಾನು ಕೇಳಬೇಕೆಂದುಕೊಂಡಿದ್ದನ್ನು ಸರಿಯಾಗಿ ಲೆಕ್ಕ ಹಾಕಿದ ಮಕ್ಕಳನ್ನು ನನ್ನ ಪದದ ತಪ್ಪಿಗೆ ಶಿಕ್ಷಿಸುವುದು ನ್ಯಾಯ ಅಲ್ಲ. ಒಟ್ಟು ಅಂಕ ಬದಲಾದ್ದರಿಂದ ಮತ್ತೆ ಜೋಡಿಸಿ, ಎರಡೂ ಗುಂಪು ಹೊಸದಾಗಿ ಮಾಡಿ, 25 ಪ್ರಶ್ನೆಗಳ ಲೆಕ್ಕವನ್ನೂ ಇನ್ನೊಮ್ಮೆ ತೆಗೆದೆ. ಮುಂದಿನ ಸಲಕ್ಕೆ ಪ್ರಶ್ನೆಯಲ್ಲಿ ‘ಸರಾಸರಿ ಜವ’ ಅಂತ ತಿದ್ದಿಟ್ಟಿದ್ದೇನೆ.

ಉಳಿದದ್ದು 50 ಅಂದ ಆ ಹದಿಮೂರು ಮಕ್ಕಳು. ಅವರು 60 ಮತ್ತು 40 ಕೂಡಿ ಎರಡರಿಂದ ಭಾಗಿಸಿದ್ದರು. ಮರುದಿನ ಬೋರ್ಡ್ ಮೇಲೆ ಹೋಗೋಕೆ ಎರಡು ಗಂಟೆ, ಬರೋಕೆ ಮೂರು ಗಂಟೆ ಅಂತ ಬರೆಸಿ, 240 ಕಿ.ಮೀ.ಯನ್ನು ಐದು ಗಂಟೆಯಿಂದ ಅವರ ಕೈಯಲ್ಲೇ ಭಾಗಿಸಿಸಿದೆ.